ವಿಲೀನದ ನಂತರ ನಿಂತುಹೋದ ಪಿಂಚಣಿ ಮತ್ತು ಬ್ಯಾಂಕಿಗೆ ಬರೆಯಬೇಕಾದ ಅರ್ಜಿ

ಸರ್ಕಾರಿ ನೌಕರಿಯಿಂದ ನಿವೃತ್ತರಾದವರ ಪಿಂಚಣಿ ಬ್ಯಾಂಕಿನ ಖಾತೆಗೆ ಬಂದು ಸೇರುವುದಕ್ಕೆ ಎರಡು ದಾಖಲೆಗಳು ಒಂದಕ್ಕೊಂದು ತಾಳೆಯಾಗಬೇಕು. ಒಂದು, ಪಿಂಚಣಿ ಪಾವತಿ ಆದೇಶ. ಅಂದರೆ ಮಹಾಲೇಖಪಾಲರ ಕಚೇರಿ ಹೊರಡಿಸುವ, ಬಾಯಿಮಾತಿನಲ್ಲಿ ಪಿಪಿಒ ಎನಿಸಿಕೊಂಡಿರುವ ಆದೇಶ. ಇದರ ಒಂದು ಪ್ರತಿ ಪಿಂಚಣಿದಾರರ ಕೈಯಲ್ಲಿದ್ದರೆ ಇನ್ನೊಂದು ಪ್ರತಿ ಹಣ ಪಾವತಿಸುವವರ ಬಳಿ ಇರುತ್ತದೆ. ಎರಡನೆಯದು, ಬ್ಯಾಂಕಿನ ಗಣಕದಲ್ಲಿರುವ ಉಳಿತಾಯ ಖಾತೆ. ಶಾಖೆಯ ಕೌಂಟರಿನಲ್ಲಿ ಕಾಣುವುದು ಈ ಎರಡನೆಯದು ಮಾತ್ರ. ಪಿಂಚಣಿಯ ಲೆಕ್ಕ ನಡೆಯುವುದು ಸಿಪಿಪಿಸಿ ಎಂಬ ಕೇಂದ್ರದಲ್ಲಿ. ಇದು ಹಲವು ಶಾಖೆಗಳ ಪಿಂಚಣಿಯನ್ನು ಒಂದೆಡೆ ಸಿದ್ಧಪಡಿಸಿ ಖಾತೆಗಳಿಗೆ ಹಂಚುವ, ಬ್ಯಾಂಕಿನದೇ ಆದ ಪ್ರತ್ಯೇಕ ಘಟಕ. ಖಾತೆಯ ಸಂಖ್ಯೆ ಬದಲಾಗಿದ್ದು ಸಿಪಿಪಿಸಿಯ ಪಟ್ಟಿಯಲ್ಲಿ ಹಳೆಯ ಸಂಖ್ಯೆಯೇ ಉಳಿದುಕೊಂಡರೆ, ಶಾಖೆಯ ದೃಷ್ಟಿಯಲ್ಲಿ ಖಾತೆ ಸರಿಯಾಗಿಯೇ ಇರುತ್ತದೆ, ಕೇಂದ್ರದ ದೃಷ್ಟಿಯಲ್ಲಿ ಪಿಂಚಣಿ ಹೊರಟೂ ಇರುತ್ತದೆ, ಪಿಂಚಣಿದಾರರ ಪಾಸ್‌ಬುಕ್ಕಿನಲ್ಲಿ ಮಾತ್ರ ಏನೂ ಇರುವುದಿಲ್ಲ.

ಕರ್ನಾಟಕದಲ್ಲಿ ಈ ತೊಡಕು ಹಲವು ಬಾರಿ ಎದುರಾಗಲು ಕಾರಣವಿದೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, 2019ರ ಅದೇ ದಿನ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿಯೂ, 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಎಲ್ಲ ವಿಲೀನಗಳಲ್ಲೂ ಒಂದೇ ಬಗೆಯ ಬದಲಾವಣೆ ಆಗಲಿಲ್ಲ. ಮೈಸೂರು ಬ್ಯಾಂಕಿನ ಗ್ರಾಹಕರಿಗೆ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತವು SBMY ಎಂಬುದರಿಂದ SBIN ಎಂದು ಬದಲಾಯಿತಾದರೂ ಖಾತೆ ಸಂಖ್ಯೆ ಹಾಗೆಯೇ ಉಳಿಯಿತು. ವಿಜಯಾ ಬ್ಯಾಂಕಿನವರಿಗೆ ಸಂಕೇತದ ಜೊತೆಗೆ ಖಾತೆ ಸಂಖ್ಯೆಯೂ ಹೊಸದಾಯಿತು. ಬ್ಯಾಂಕುಗಳು ಒಂದಾದ ಮೇಲೆ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಬೀದಿಯಲ್ಲಿದ್ದ ಎರಡು ಶಾಖೆಗಳನ್ನು ಸೇರಿಸುವ ಎರಡನೆಯ ಸುತ್ತು ನಡೆಯುತ್ತದೆ. ಕೆಲವು ಬ್ಯಾಂಕುಗಳಲ್ಲಿ ಖಾತೆ ಸಂಖ್ಯೆಯ ಮೊದಲ ಅಂಕಿಗಳು ಶಾಖೆಯ ಗುರುತೇ ಆಗಿರುವುದರಿಂದ, ಮುಚ್ಚಿದ ಶಾಖೆಯ ಗ್ರಾಹಕರಿಗೆ ಹೊಸ ಸಂಖ್ಯೆ ದೊರೆಯುವುದು ಈ ಸುತ್ತಿನಲ್ಲಿಯೇ. ಬ್ಯಾಂಕುಗಳ ವಿಲೀನಕ್ಕೆ ಪತ್ರಿಕೆಗಳಲ್ಲಿ ಸಿಕ್ಕಷ್ಟು ಪ್ರಚಾರ ಶಾಖೆಗಳ ವಿಲೀನಕ್ಕೆ ಸಿಗುವುದಿಲ್ಲ. ಬಾಗಿಲಿಗೆ ಅಂಟಿಸಿದ ಒಂದು ಹಾಳೆ, ಮೊಬೈಲಿಗೆ ಬಂದ ಒಂದು ಸಂದೇಶ, ಅಷ್ಟೇ.

ಮುಳಬಾಗಿಲು ತಾಲ್ಲೂಕಿನ ನಿವೃತ್ತ ಶಾಲಾ ಶಿಕ್ಷಕರಾದ ಅಂಕಣಕಾರನ ಸೋದರಮಾವನ ವಿಷಯದಲ್ಲಿ ಆದದ್ದೂ ಇದೇ. ಶಾಖೆಗಳು ಒಂದಾದ ನಂತರ ಮೇ ಮತ್ತು ಜೂನ್ ತಿಂಗಳುಗಳ ಪಿಂಚಣಿ ಬರಲಿಲ್ಲ. ಅವರು ಮೊದಲು ಕೊಟ್ಟ ಅರ್ಜಿಯಲ್ಲಿ ಪಿಂಚಣಿ ಬಂದಿಲ್ಲವೆಂದೂ ದಯಮಾಡಿ ಕೊಡಿಸಬೇಕೆಂದೂ ಇತ್ತು. ಅದಕ್ಕೆ ಶಾಖೆಯವರು ಕೋಲಾರದ ಖಜಾನೆಯಲ್ಲಿ ವಿಚಾರಿಸುವಂತೆ ಹೇಳಿದರು, ಖಜಾನೆಯವರು ಬ್ಯಾಂಕಿನಲ್ಲಿ ಕೇಳುವಂತೆ ಹೇಳಿದರು. ಇಬ್ಬರ ಉತ್ತರವೂ ಸುಳ್ಳಲ್ಲ, ಏಕೆಂದರೆ ಆ ಅರ್ಜಿ ಯಾರ ದಾಖಲೆಯನ್ನೂ ಪ್ರಶ್ನಿಸುತ್ತಿರಲಿಲ್ಲ. ಇಂಥ ಅರ್ಜಿಯು ಕೇಳಬೇಕಾದದ್ದು ಹಣ ಏಕೆ ಬರಲಿಲ್ಲವೆಂಬುದನ್ನಲ್ಲ, ಹೊರಟ ಹಣ ಈಗ ಎಲ್ಲಿ ನಿಂತಿದೆ ಎಂಬುದನ್ನು.

ಅದು ನಿಲ್ಲಬಹುದಾದ ಜಾಗಗಳು ಮೂರೇ. ಖಾತೆ ಇಲ್ಲವೆಂಬ ಕಾರಣದೊಂದಿಗೆ ಹಣ ಕಳುಹಿಸಿದವರಿಗೇ ಹಿಂದಿರುಗಿರಬಹುದು. ಆಗ ಪ್ರತಿ ರವಾನೆಗೂ ಇರುವ ಯುಟಿಆರ್ ಎಂಬ ಗುರುತು ಸಂಖ್ಯೆಯಿಂದ ಅದನ್ನು ಪತ್ತೆಹಚ್ಚಲು ಸಾಧ್ಯ. ಎರಡನೆಯದಾಗಿ, ಸೇರಬೇಕಾದ ಖಾತೆ ತಿಳಿಯದ ಮೊತ್ತಗಳನ್ನು ತಾತ್ಕಾಲಿಕವಾಗಿ ಇರಿಸುವ ಬ್ಯಾಂಕಿನ ಸಸ್ಪೆನ್ಸ್ ಖಾತೆಯಲ್ಲಿ ಉಳಿದಿರಬಹುದು. ಸಿಪಿಪಿಸಿ ಮತ್ತು ಶಾಖೆ ಎರಡೂ ಒಂದೇ ಬ್ಯಾಂಕಿನವಾಗಿರುವಾಗ ಮೊದಲು ಶಂಕಿಸಬೇಕಾದದ್ದು ಇದನ್ನೇ. ಮೂರನೆಯದಾಗಿ, ಮುಚ್ಚದೆ ಉಳಿದ ಹಳೆಯ ಸಂಖ್ಯೆಗೇ ಜಮೆಯಾಗಿ, ಹೊಸ ಪಾಸ್‌ಬುಕ್ಕಿನಲ್ಲಿ ಕಾಣದೆ ಇರಬಹುದು. ಇದನ್ನು ತಿಳಿಯಲು ಹಳೆಯ ಸಂಖ್ಯೆಯ ಸ್ಟೇಟ್‌ಮೆಂಟನ್ನೇ ಬೇರೆಯಾಗಿ ಕೇಳಿ ಪಡೆಯಬೇಕು. ಇವೆಲ್ಲಕ್ಕೂ ಮುನ್ನ, ಪ್ರತಿವರ್ಷ ನವೆಂಬರಿನಲ್ಲಿ ಸಲ್ಲಿಸುವ ಜೀವಿತ ಪ್ರಮಾಣಪತ್ರ ಸ್ವೀಕೃತವಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಆನ್‌ಲೈನಿನಲ್ಲಿ ಸಲ್ಲಿಸುವ ಜೀವನ್ ಪ್ರಮಾಣ್ ಪತ್ರದಲ್ಲಿಯೂ ಖಾತೆ ಸಂಖ್ಯೆಯನ್ನು ನಮೂದಿಸಬೇಕಾಗಿರುವುದರಿಂದ, ಅಲ್ಲಿ ಹಳೆಯ ಸಂಖ್ಯೆ ಉಳಿದಿದ್ದರೆ ತೊಡಕಿನ ಮೂಲ ಅದೂ ಆಗಿರಬಹುದು.

ಈ ಎಲ್ಲವನ್ನೂ ಗಮನಿಸಿ ಸಿದ್ಧವಾದ ಎರಡನೆಯ ಅರ್ಜಿಯನ್ನು ಶಾಖಾ ವ್ಯವಸ್ಥಾಪಕರಿಗೆ ಬರೆದು, ಪ್ರತಿಯನ್ನು ಸಿಪಿಪಿಸಿಗೂ ಕಳುಹಿಸಲಾಯಿತು. ಅದರ ಒಡಲು ಹೀಗಿತ್ತು:

“ವಿಷಯ: ಶಾಖೆಗಳ ವಿಲೀನದ ನಂತರ ಜಮೆಯಾಗದ ಎರಡು ತಿಂಗಳ ಪಿಂಚಣಿ ಮತ್ತು ವಿಳಂಬದ ಬಡ್ಡಿಯ ಬಗ್ಗೆ.

ಅರ್ಜಿದಾರರು ರಾಜ್ಯ ಸರ್ಕಾರದ ಪಿಂಚಣಿದಾರರಾಗಿದ್ದು, ಅವರ ಪಿಪಿಒ ಸಂಖ್ಯೆ, ಹಳೆಯ ಖಾತೆ ಸಂಖ್ಯೆ ಮತ್ತು ವಿಲೀನದ ನಂತರ ತಮ್ಮ ಶಾಖೆಯು ನೀಡಿದ ಹೊಸ ಖಾತೆ ಸಂಖ್ಯೆಗಳನ್ನು ಮೇಲೆ ನಮೂದಿಸಲಾಗಿದೆ. ಏಪ್ರಿಲ್ ತಿಂಗಳವರೆಗಿನ ಪಿಂಚಣಿ ಹಳೆಯ ಸಂಖ್ಯೆಗೆ ಜಮೆಯಾಗಿದ್ದು, ಮೇ 30 ಮತ್ತು ಜೂನ್ 30ರಂದು ಸಲ್ಲಬೇಕಿದ್ದ ತಲಾ 24,000 ರೂಪಾಯಿ ಯಾವ ಸಂಖ್ಯೆಗೂ ಜಮೆಯಾಗಿರುವುದಿಲ್ಲ. ಜೀವಿತ ಪ್ರಮಾಣಪತ್ರ ಸ್ವೀಕೃತವಾಗಿರುವ ದಾಖಲೆಯನ್ನು ಲಗತ್ತಿಸಿದೆ. ಆದ್ದರಿಂದ ಸದರಿ ಎರಡು ಮೊತ್ತಗಳು ಈಗ ಯಾವ ಖಾತೆಯಲ್ಲಿವೆ ಅಥವಾ ಯಾವ ದಿನಾಂಕದಂದು ಯಾರಿಗೆ ಹಿಂದಿರುಗಿವೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದೂ, ಸಿಪಿಪಿಸಿಯ ದಾಖಲೆಯಲ್ಲಿ ಹೊಸ ಸಂಖ್ಯೆಯನ್ನು ಸೇರಿಸಿ ಬಾಕಿಯನ್ನು ವಿಳಂಬದ ಬಡ್ಡಿಸಹಿತ ಜಮೆ ಮಾಡಬೇಕೆಂದೂ ಕೋರಲಾಗಿದೆ.”

ಲಗತ್ತುಗಳಾಗಿ ಜೀವಿತ ಪ್ರಮಾಣಪತ್ರದ ಸ್ವೀಕೃತಿಯ ಜೊತೆಗೆ ಪಿಪಿಒದ ನಕಲು, ಹಳೆಯ ಪಾಸ್‌ಬುಕ್ಕಿನ ಕೊನೆಯ ಪುಟ, ಹೊಸ ಪಾಸ್‌ಬುಕ್ಕಿನ ಮೊದಲ ಪುಟ ಇದ್ದವು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕವನ್ನು ಹಾಕಿಸಿಕೊಳ್ಳಲಾಯಿತು. ಆ ದಿನಾಂಕವಿಲ್ಲದಿದ್ದರೆ ಅರ್ಜಿ ಕೊಟ್ಟದ್ದಕ್ಕೆ ಪುರಾವೆಯೇ ಇಲ್ಲದಂತಾಗುತ್ತದೆ. ಬ್ಯಾಂಕು 30 ದಿನಗಳೊಳಗೆ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ cms.rbi.org.in ತಾಣದ ಮೂಲಕ ಶುಲ್ಕವಿಲ್ಲದೆ ದೂರು ಸಲ್ಲಿಸಲು ಅವಕಾಶವಿದ್ದು, ಆ 30 ದಿನಗಳ ಲೆಕ್ಕ ಆರಂಭವಾಗುವುದು ಬ್ಯಾಂಕಿಗೆ ದೂರು ಮುಟ್ಟಿದ ದಿನದಿಂದ.

ಬಡ್ಡಿಯ ಮಾತು ಹಲವು ಪಿಂಚಣಿದಾರರಿಗೆ ಹೊಸದು. ಸರ್ಕಾರದ ಪರವಾಗಿ ಪಿಂಚಣಿ ಹಂಚುವ ಬ್ಯಾಂಕು ತಡಮಾಡಿದರೆ, ವಾರ್ಷಿಕ ಶೇ 8ರ ಬಡ್ಡಿಯನ್ನು ಪಿಂಚಣಿದಾರರು ಕೇಳದಿದ್ದರೂ ತಾನಾಗಿಯೇ, ಬಾಕಿ ಜಮೆಯಾಗುವ ದಿನವೇ ನೀಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶನ; 2008ರ ಅಕ್ಟೋಬರ್ 1ರಿಂದೀಚಿನ ವಿಳಂಬಗಳಿಗೆ ಇದು ಅನ್ವಯಿಸುತ್ತದೆ. ಬಾಕಿಯು ಜುಲೈ 29ರಂದು ಜಮೆಯಾಯಿತೆಂದರೆ, ಮೇ ತಿಂಗಳ ಮೊತ್ತಕ್ಕೆ 60 ದಿನಗಳಿಗೆ ಸುಮಾರು 315.62 ರೂಪಾಯಿ, ಜೂನ್ ತಿಂಗಳದ್ದಕ್ಕೆ 29 ದಿನಗಳಿಗೆ ಸುಮಾರು 152.55 ರೂಪಾಯಿ, ಒಟ್ಟು ಸುಮಾರು 468 ರೂಪಾಯಿ ಸಲ್ಲಬೇಕು. ಮೊತ್ತ ದೊಡ್ಡದಲ್ಲ. ಆದರೆ ಬಡ್ಡಿಯನ್ನು ಕೇಳಿದ ಅರ್ಜಿಗೆ ಉತ್ತರಿಸುವವರು ವಿಳಂಬ ಯಾರಿಂದಾಯಿತೆಂಬುದನ್ನು ಬರೆಯಲೇಬೇಕಾಗುತ್ತದೆ, ಆ ಅರ್ಜಿಯ ಬಲವಿರುವುದು ಅಲ್ಲಿ. ತಪ್ಪು ಖಜಾನೆಯ ಕಡೆ ಇದ್ದರೆ ಬ್ಯಾಂಕಿನಿಂದ ಬಡ್ಡಿ ಸಿಗದು.

ಈ ಅರ್ಜಿಯ ನಮೂನೆ ಎಲ್ಲ ಪಿಂಚಣಿಗಳಿಗೂ ಹೊಂದುವುದಿಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಗಳಂಥ ಕಡೆ ದುಡಿದು ಭವಿಷ್ಯನಿಧಿ ಸಂಸ್ಥೆಯ ಪಿಂಚಣಿ ಪಡೆಯುವವರ ಪಾವತಿಯು 2025ರ ಜನವರಿಯಿಂದ ಆ ಸಂಸ್ಥೆಯ ಕೇಂದ್ರೀಕೃತ ವ್ಯವಸ್ಥೆಯಿಂದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಗೆ ನೇರವಾಗಿ ಬರುವುದರಿಂದ, ಹೊಸ ಸಂಖ್ಯೆಯನ್ನು ತಿಳಿಸಬೇಕಾದದ್ದು ಭವಿಷ್ಯನಿಧಿ ಕಚೇರಿಗೆ. ಶ್ರೀನಿವಾಸಪುರದ ಹಳ್ಳಿಯೊಂದರಲ್ಲಿ ಆಧಾರ್ ಮೂಲಕ ಸಂಧ್ಯಾ ಸುರಕ್ಷಾ ಪಿಂಚಣಿ ಪಡೆಯುವ ಅಜ್ಜಿಗೆ ಖಾತೆ ಸಂಖ್ಯೆ ಬದಲಾದದ್ದು ಮುಖ್ಯವೇ ಅಲ್ಲ. ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕು ಯಾವುದೋ ಆ ಬ್ಯಾಂಕಿಗೆ ಹಣ ಹೋಗುವುದರಿಂದ, ಅವರ ಅರ್ಜಿ ಆರಂಭವಾಗಬೇಕಾದದ್ದು ಆ ಜೋಡಣೆ ಸಕ್ರಿಯವಾಗಿದೆಯೇ ಎಂಬ ಪ್ರಶ್ನೆಯಿಂದ.