ಮುದ್ದೆ ಬಿಡಬೇಕಿಲ್ಲ: ಮಧುಮೇಹಿಗಳಿಗಾಗಿ ಬರೆದ ಒಂದು ವಿಡಿಯೊ ಪಾಠ

ಸಮುದಾಯ ಕಾರ್ಯದ ಅಂಗವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ತೋರಿಸಲು ಆರು ನಿಮಿಷದ ವಿಡಿಯೊಗೆ ನಾನು ಸಂಭಾಷಣೆ ಬರೆದೆ. ವಿಷಯ, ಮಧುಮೇಹದಲ್ಲಿ ಊಟ. ನೋಡುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ರಾಗಿ ಮುದ್ದೆಯಲ್ಲೇ ಬೆಳೆದ ರೈತ ಕುಟುಂಬದವರು. ತರಗತಿಯ ಪಾಠಯೋಜನೆಯ ಹಂತಗಳನ್ನೇ ಇಲ್ಲಿಯೂ ಅನುಸರಿಸಿದ್ದೇನೆ. ಆದರೆ ಈ ಕಲಿಯುವವರು ಪರೀಕ್ಷೆ ಬರೆಯುವವರಲ್ಲ, ಮನೆಗೆ ಹೋಗಿ ಉಣ್ಣುವವರು. ಇದರಿಂದ ಕೆಲವು ಹಂತಗಳ ಸ್ವರೂಪವೇ ಬದಲಾಗುತ್ತದೆ.

ಪೂರ್ವಜ್ಞಾನ ಪರೀಕ್ಷೆಗೆಂದು ಚೀಟಿ ಸಾಲಿನಲ್ಲಿ ಕುಳಿತಿದ್ದವರನ್ನು ಎರಡು ದಿನ ಮಾತನಾಡಿಸಿದೆ. ಹೆಚ್ಚುಕಡಿಮೆ ಎಲ್ಲರಿಂದಲೂ ಬಂದ ಮಾತು ಒಂದೇ: ‘ಸಕ್ಕರೆ ಕಾಯಿಲೆಗೆ ಅನ್ನ ಬಿಡಬೇಕು, ಮುದ್ದೆ ಎಷ್ಟು ಬೇಕಾದರೂ ಉಣ್ಣಬಹುದು.’ ಆರು ನಿಮಿಷದಲ್ಲಿ ಹತ್ತು ವಿಷಯ ಹೇಳುವುದಕ್ಕಿಂತ ಈ ಒಂದು ನಂಬಿಕೆಯನ್ನು ಸರಿಪಡಿಸಿದರೆ ಸಾಕೆನಿಸಿತು.

ಇದು ಪೂರ್ತಿ ತಪ್ಪು ನಂಬಿಕೆಯಲ್ಲ ಎಂಬುದೇ ಪಾಠದ ತೊಡಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ನಾರಿನಂಶ ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಸುಣ್ಣದ ಅಂಶವಂತೂ ರಾಗಿಯಲ್ಲಿ ಬಹಳ ಹೆಚ್ಚು. ಆದರೆ ರಕ್ತದಲ್ಲಿ ಸಕ್ಕರೆಯಾಗುವ ಕಾರ್ಬೋಹೈಡ್ರೇಟ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಇದ್ದರೆ ರಾಗಿಯಲ್ಲಿ 67 ಗ್ರಾಂ. ವ್ಯತ್ಯಾಸ ಇದೆ, ಆದರೆ ಜನ ಅಂದುಕೊಂಡಷ್ಟು ಇಲ್ಲ. ಅದರ ಮೇಲೆ ನಾವು ರಾಗಿಯನ್ನು ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುತ್ತೇವೆ. ನುಣ್ಣಗಾಗಿ ಬೆಂದ ಹಿಟ್ಟು ಬೇಗ ಜೀರ್ಣವಾಗುತ್ತದೆ.

ಮನೆಯ ಲೆಕ್ಕಕ್ಕೆ ತಂದು ನೋಡೋಣ. ದೊಡ್ಡ ಮುದ್ದೆಯೊಂದಕ್ಕೆ 120 ಗ್ರಾಂ ಹಿಟ್ಟು ಬಿದ್ದರೆ ಕಾರ್ಬೋಹೈಡ್ರೇಟ್ ಸುಮಾರು 80 ಗ್ರಾಂ. ಹೊತ್ತಿಗೆ ಎರಡು ಮುದ್ದೆ ಉಂಡವರಿಗೆ 160 ಗ್ರಾಂ. 60 ಗ್ರಾಂ ಹಿಟ್ಟಿನ ಒಂದು ಚಿಕ್ಕ ಮುದ್ದೆಯಲ್ಲಿ ಇರುವುದು 40 ಗ್ರಾಂ, ಅಂದರೆ ನಾಲ್ಕನೇ ಒಂದು ಭಾಗ. ಈ ಅಂಕಿಗಳನ್ನೇ ಚಮಚ ಸಕ್ಕರೆಗೆ ಹೋಲಿಸಿ ತೋರಿಸುವುದು ಇಂಥ ವಿಡಿಯೊಗಳಲ್ಲಿ ರೂಢಿ. 160 ಗ್ರಾಂ ಎಂದರೆ 32 ಚಮಚವಾಗುತ್ತದೆ. ನಾನು ಅದನ್ನು ಬೇಕೆಂದೇ ಬಿಟ್ಟೆ. ಹೆದರಿದ ಅಜ್ಜಿ ಮುದ್ದೆಯನ್ನೇ ಬಿಟ್ಟು, ಮಾತ್ರೆಯನ್ನು ಮಾತ್ರ ನುಂಗಿ ಮಲಗಿದರೆ ಆಗುವ ಅಪಾಯ ಬೇರೆಯೇ ಇದೆ.

ಪಾಠದ ಪ್ರವೇಶಕ್ಕೆ ಏಳನೇ ತರಗತಿಯ ಮಕ್ಕಳಿಗೆ ಮಾಡಿಸುವ ಪ್ರಯೋಗವನ್ನೇ ಬಳಸಿದೆ. ಒಂದು ತುತ್ತು ಅನ್ನವನ್ನು ನುಂಗದೆ ಎರಡು ನಿಮಿಷ ಅಗಿಯುತ್ತಿದ್ದರೆ ಬಾಯಿ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಪಿಷ್ಟ, ಕಿಣ್ವ ಎಂಬ ಪದಗಳು ವಿಡಿಯೊದಲ್ಲಿ ಎಲ್ಲೂ ಇಲ್ಲ, ಬಾಯಿಯ ರುಚಿಯೇ ಸಾಕ್ಷಿ. ಎರಡನೇ ದೃಶ್ಯ ಹೀಗಿದೆ:

ಅಜ್ಜಿ: ಅನ್ನ ಮುಟ್ಟಿ ಆರು ತಿಂಗಳಾಯ್ತು ಕಣವ್ವ. ಬರೀ ಮುದ್ದೆ. ಆದ್ರೂ ಸಕ್ಕರೆ ಇಳೀಲಿಲ್ಲ. ನನ್ನ ಹಣೇಬರ.

ಸಿಸ್ಟರ್: ಹಣೇಬರ ಅಲ್ಲ ಅಜ್ಜಿ. ಹೊತ್ತಿಗೆ ಎಷ್ಟು ಮುದ್ದೆ ಉಣ್ತೀರಾ?

ಅಜ್ಜಿ: ಎರಡು. (ಎರಡೂ ಅಂಗೈ ಸೇರಿಸಿ ಗಾತ್ರ ತೋರಿಸುತ್ತಾರೆ.)

ಸಿಸ್ಟರ್: ಮುದ್ದೆ ಒಳ್ಳೇದೇ, ಬಿಡೋದು ಬೇಡ. ಆದ್ರೆ ಅನ್ನ ಬಾಯಲ್ಲಿ ಸಿಹಿ ಆಯ್ತಲ್ಲ, ಮುದ್ದೆನೂ ಹೊಟ್ಟೇಲಿ ಹಂಗೇ ಆಗ್ತದೆ. ನಿಮ್ಮ ಮುಷ್ಟಿ ಹಿಡೀರಿ ನೋಡೋಣ. ಅಷ್ಟು ಗಾತ್ರದ್ದು ಒಂದು ಸಾಕು.

ಅಜ್ಜಿ: ಅಷ್ಟಕ್ಕೆ ಹೊಟ್ಟೆ ತುಂಬ್ತದಾ?

ಸಿಸ್ಟರ್: ಮುದ್ದೆ ಒಂದೇ ಆದ್ರೆ ತುಂಬಲ್ಲ. ಅದಕ್ಕೇ ಅರ್ಧ ತಟ್ಟೆ ಸೊಪ್ಪು, ತರಕಾರಿ ಪಲ್ಯ. ಉಳಿದರ್ಧದಲ್ಲಿ ಒಂದು ಪಾಲು ಮುದ್ದೆ, ಇನ್ನೊಂದು ಪಾಲು ಹೆಸರುಕಾಳೋ ಹುರುಳಿಕಾಳೋ ಮೊಟ್ಟೆನೋ. ಮೊದಲು ಪಲ್ಯ, ಕಾಳು ತಿನ್ನಿ. ಆಮೇಲೆ ಮುದ್ದೆಗೆ ಕೈ ಹಾಕಿ.

ಅಜ್ಜಿ: ಆಲೂಗಡ್ಡೆ ಪಲ್ಯ ಆದ್ರೆ?

ಸಿಸ್ಟರ್: (ನಗುತ್ತ) ಅದು ಮುದ್ದೆ ಪಾಲಿಗೆ ಸೇರ್ತದೆ ಅಜ್ಜಿ, ತರಕಾರಿ ಪಾಲಿಗಲ್ಲ.

ಗ್ರಾಂ ಲೆಕ್ಕ ಬಿಟ್ಟು ಮುಷ್ಟಿಯನ್ನು ಅಳತೆಯಾಗಿ ತೆಗೆದುಕೊಂಡದ್ದಕ್ಕೆ ಕಾರಣ, ಅದನ್ನು ಯಾರೂ ಮನೆಯಲ್ಲಿ ಮರೆತು ಬರುವುದಿಲ್ಲ. ದೊಡ್ಡ ಆಳಿಗೆ ದೊಡ್ಡ ಮುಷ್ಟಿ, ಸಣ್ಣ ಆಳಿಗೆ ಸಣ್ಣದು. ಒರಟು ಅಳತೆಯೇ ಸರಿ, ಆದರೆ ದಿನವೂ ಒಂದೇ ಇರುತ್ತದೆ. ಬೆಳಗಿನಿಂದ ಹೊಲದಲ್ಲಿ ದುಡಿಯುವವರಿಗೆ ಇದು ಸಾಲದಿರಬಹುದು, ಅವರು ವೈದ್ಯರೊಡನೆ ಮಾತಾಡಿ ಅಳತೆ ಗೊತ್ತುಮಾಡಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇರುವವರೂ ಕಾಳು ಹೆಚ್ಚಿಸುವ ಮೊದಲು ಕೇಳಲೇಬೇಕು. ಈ ಎರಡು ಮಾತುಗಳನ್ನು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಹಸ್ತಪ್ರತಿ ಓದಿ ಸೇರಿಸಿದರು.

ಮೂರನೇ ದೃಶ್ಯದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಊಟ ಕಡಿಮೆಯಾಗಿ ಮಾತ್ರೆ ಅಷ್ಟೇ ಉಳಿದರೆ ಸಕ್ಕರೆ ಕುಸಿಯಬಹುದು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಈ ಸಂಭವ ಹೆಚ್ಚು. ಆದ್ದರಿಂದ ಮುದ್ದೆ ಇಳಿಸುವ ಮೊದಲು ಮಾತ್ರೆಯ ಚೀಟಿ ಹಿಡಿದು ಡಾಕ್ಟರನ್ನು ಕಾಣಲು ಸಿಸ್ಟರ್ ಹೇಳುತ್ತಾರೆ. ಮಾತ್ರೆಯನ್ನು ತಾವೇ ಬಿಡಬಾರದು ಎಂದೂ ಹೇಳುತ್ತಾರೆ. ಮೈ ಬೆವರಿ, ಕೈ ನಡುಗಿ, ಎದೆ ಹೊಡೆದುಕೊಂಡು, ತಡೆಯಲಾರದ ಹಸಿವಾದರೆ ಅದೇ ಗುರುತು. ಮೀಟರಿನಲ್ಲಿ 70ಕ್ಕಿಂತ ಕೆಳಗೆ ತೋರಿಸುತ್ತದೆ. ಆಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಇಳಿದೇ ಇದ್ದರೆ ಇನ್ನೊಮ್ಮೆ ಕುಡಿಯಬೇಕು, ಸರಿಹೋದ ಮೇಲೆ ಊಟ ಮಾಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕುಡಿಸುವುದೇ ಎಂದು ಮನೆಯವರು ಹಿಂಜರಿಯುತ್ತಾರೆ. ಹಾಗಾಗಿ ಈ ದೃಶ್ಯದಲ್ಲಿ ಲೋಟ ಹಿಡಿಯುವವಳು ಸಿಸ್ಟರ್ ಅಲ್ಲ, ಸೊಸೆ.

ಮೌಲ್ಯಮಾಪನಕ್ಕೆ ಪ್ರಶ್ನೆಗಳನ್ನಿಡಲಿಲ್ಲ. ‘ಅರ್ಥವಾಯಿತೇ’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಬದಲಿಗೆ ಮೇಜಿನ ಮೇಲೆ ಸ್ಟೀಲ್ ತಟ್ಟೆ, ದೊಡ್ಡ ಚಿಕ್ಕ ಮುದ್ದೆಗಳು, ಸೊಪ್ಪಿನ ಪಲ್ಯ, ಹುರುಳಿಕಾಯಿ ಪಲ್ಯ, ಕಾಳು, ಆಲೂಗಡ್ಡೆ, ಚಪಾತಿ ಇಟ್ಟು, ‘ನಿಮ್ಮ ರಾತ್ರಿ ಊಟ ಬಡಿಸಿಕೊಳ್ಳಿ’ ಎಂದೆ. ಬಹುಪಾಲು ಜನ ಚಿಕ್ಕ ಮುದ್ದೆಯನ್ನೇ ಎತ್ತಿಕೊಂಡರು. ಆದರೆ ಕೆಲವರು ಪಕ್ಕದಲ್ಲೇ ಎರಡು ಚಪಾತಿ ಇಟ್ಟುಕೊಂಡರು! ಚಪಾತಿಯೂ ಮುದ್ದೆಯ ಪಾಲಿನಿಂದಲೇ ಹೋಗಬೇಕೆಂಬ ಮಾತು ವಿಡಿಯೊದಲ್ಲಿ ಇರಲಿಲ್ಲ, ಅದು ಈ ತಟ್ಟೆಗಳ ಮುಂದೆ ನಿಂತಾಗಲೇ ಬಂತು. ಮರುವಾರದ ಪ್ರದರ್ಶನದಲ್ಲಿ ಆಲೂಗಡ್ಡೆಯ ಮಾತಿನ ಹಿಂದೆಯೇ ಅದನ್ನೂ ಸೇರಿಸಿದೆ.

ಮನೆಯಲ್ಲಿ ಮೀಟರ್ ಇದ್ದ ನಿವೃತ್ತ ಮೇಷ್ಟರೊಬ್ಬರಿಗೆ ಮಾತ್ರ ಒಂದು ಮನೆಗೆಲಸ ಕೊಟ್ಟೆ. ಅವರ ಮಾತ್ರೆ ಸಕ್ಕರೆಯನ್ನು ಕುಸಿಸುವ ಜಾತಿಯದಲ್ಲವೆಂದು ವೈದ್ಯಾಧಿಕಾರಿಗಳು ಮೊದಲೇ ನೋಡಿದ್ದರು. ಒಂದು ಮಧ್ಯಾಹ್ನ ಎಂದಿನಂತೆ ಎರಡು ಮುದ್ದೆ, ಮರುದಿನ ಅದೇ ಹೊತ್ತಿಗೆ ಮುಷ್ಟಿಯಷ್ಟು ಮುದ್ದೆ, ಪಲ್ಯ, ಕಾಳು. ಊಟಕ್ಕೆ ಕುಳಿತ ಎರಡು ಗಂಟೆಗೆ ರಕ್ತ ಪರೀಕ್ಷೆ. ಮೊದಲ ದಿನ 246 ಬಂತು, ಎರಡನೇ ದಿನ 178. ಒಬ್ಬರ ಎರಡು ದಿನದ ಅಂಕಿಯಿಂದ ಏನನ್ನೂ ಸಾಧಿಸಲಾಗದು, ನಡಿಗೆ ನಿದ್ದೆಗಳಿಂದಲೂ ಅದು ಏರಿಳಿಯುತ್ತದೆ ಎಂದು ಅವರಿಗೆ ಹೇಳಿದೆ. ‘ಹಾಗಾದರೆ ಇನ್ನೂ ನಾಲ್ಕು ದಿನ ಮಾಡಿ ನೋಡ್ತೀನಿ’ ಎಂದು ತಮ್ಮ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಗೆರೆ ಎಳೆದುಕೊಂಡರು.