ಬಾಲು ಬಡಿದ ಮೇಲಿನ ಐದು ದಿನ

ಹುಡುಗರೇ, ಸಂಜೆ ನಮ್ಮ ಮನೆ ಹಿಂದಿನ ಮೈದಾನದಲ್ಲಿ ನೀವು ಆಡುವುದನ್ನು ನೋಡುತ್ತ ಕೂರುವುದು ನನಗೆ ರೂಢಿಯಾಗಿದೆ. ಆಟ ಬಿಡಿ ಎನ್ನಲು ಇದನ್ನು ಬರೆಯುತ್ತಿಲ್ಲ. ಮೂವತ್ತು ವರ್ಷ ಕಣ್ಣಿನ ಡಾಕ್ಟರಾಗಿದ್ದವನು ನಾನು. ಬಾಲಿನ ಏಟು ತಡೆದುಕೊಂಡ ಕಣ್ಣು ಆಮೇಲಿನ ನಾಲ್ಕೈದು ದಿನಗಳ ಅಜಾಗ್ರತೆಯಿಂದ ಹಾಳಾದದ್ದನ್ನು ಕಂಡಿದ್ದೇನೆ. ವೇಗದ ಬೌಲಿಂಗ್ ಆದರೆ ಮಾತ್ರ ಅಪಾಯ ಎಂದುಕೊಳ್ಳಬೇಡಿ. 2000ರ ಏಷ್ಯಾ ಕಪ್‌ನಲ್ಲಿ, ಢಾಕಾದಲ್ಲಿ, ಸಬಾ ಕರೀಂ ಅವರ ಬಲಗಣ್ಣಿಗೆ ಚೆಂಡು ಬಡಿದದ್ದು ನಮ್ಮ ಅನಿಲ್ ಕುಂಬ್ಳೆಯವರ ಸ್ಪಿನ್ನಿಗೆ ವಿಕೆಟ್ ಕಾಯುತ್ತಿದ್ದಾಗ.

ಹದಿನೈದರ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಪುಲ್ ಮಾಡಲು ಹೋದ, ಹಾರ್ಡ್ ಟೆನಿಸ್ ಬಾಲು ಬ್ಯಾಟಿನ ಅಂಚಿಗೆ ತಾಗಿ ಎಡಗಣ್ಣಿಗೆ ಬಂತು. ಮುಖ ತೊಳೆದುಕೊಂಡು ಮನೆಗೆ ಹೋಗಿ ಮಲಗಿಬಿಟ್ಟ. ಬೆಳಗ್ಗೆ ಎದ್ದರೆ ಎಲ್ಲವೂ ಮಸುಕು ಕೆಂಪು. ಎದ್ದು ಕೂತು ಸ್ವಲ್ಪ ಹೊತ್ತಾದ ಮೇಲೆ ಒಂದಿಷ್ಟು ತಿಳಿಯಾಯಿತು. ಅದನ್ನು ಕೇಳಿದಾಗಲೇ ನನಗೆ ಗೊತ್ತಾಯಿತು. ಟಾರ್ಚ್ ಹಾಕಿ ನೋಡಿದರೆ ಕರಿಗುಡ್ಡೆಯ ಮುಂದೆ, ತಳದಲ್ಲಿ, ಲೋಟದಲ್ಲಿ ನೀರು ನಿಂತ ಹಾಗೆ ಸಮಮಟ್ಟಕ್ಕೆ ರಕ್ತ ನಿಂತಿತ್ತು. ಇದಕ್ಕೆ ಹೈಫೀಮಾ ಎನ್ನುತ್ತೇವೆ. ಮಲಗಿದಾಗ ಆ ರಕ್ತ ಪಾಪೆಯ ಮುಂದೆ ಹರಡುತ್ತದೆ, ಕೂತಾಗ ಕೆಳಗಿಳಿಯುತ್ತದೆ. ಬಿಳಿಗುಡ್ಡೆಯ ಮೇಲೆ ಕಾಣುವ ಕೆಂಪು ಕಲೆ ಬೇರೆ, ಅದು ಸಾಮಾನ್ಯವಾಗಿ ಎರಡು ವಾರದಲ್ಲಿ ತಾನೇ ಹೋಗುತ್ತದೆ.

ಕಣ್ಣಿಗೆ ಡ್ರಾಪ್ಸ್ ಹಾಕಿ, ಮೇಲೆ ಗಟ್ಟಿ ಮುಚ್ಚಳ ಕಟ್ಟಿದೆವು. ತಲೆಯ ಕಡೆ ಎರಡು ಮೂರು ದಿಂಬಿಟ್ಟು, ಒರಗಿದ ಹಾಗೆ ಮಲಗಬೇಕು, ಓಡಬಾರದು, ಬಗ್ಗಬಾರದು ಎಂದು ಹೇಳಿ ಕಳಿಸಿದೆ. ಮೂರನೇ ದಿನಕ್ಕೆ ರಕ್ತ ಮುಕ್ಕಾಲು ಪಾಲು ಕರಗಿತ್ತು. ಕಣ್ಣು ಸರಿಯಾಯಿತು ಎಂದುಕೊಂಡ ಹುಡುಗ ತಲೆನೋವಿಗೆ ಮನೆಯಲ್ಲಿದ್ದ ಆಸ್ಪಿರಿನ್ ನುಂಗಿ ಮೈದಾನಕ್ಕೆ ಹೋದ. ಆ ರಾತ್ರಿಯೇ ಕಣ್ಣು ಸಿಡಿಯುವಂಥ ನೋವು, ವಾಂತಿ. ಕಣ್ಣಿನ ಮುಂಭಾಗ ಪೂರ್ತಿ ರಕ್ತ ತುಂಬಿ ಒಳಗಿನ ಒತ್ತಡ ವಿಪರೀತ ಏರಿತ್ತು. ಹರಿದ ನಾಳದ ಬಾಯಿ ಮುಚ್ಚಿದ್ದ ಹೆಪ್ಪು ಎರಡರಿಂದ ಐದನೇ ದಿನದೊಳಗೆ ಕುಗ್ಗಿ ಸಡಿಲವಾಗುತ್ತದೆ. ಎರಡನೇ ಸಲ ರಕ್ತ ಸುರಿಯುವುದು ಆಗಲೇ, ಮತ್ತು ಅದು ಮೊದಲಿನದಕ್ಕಿಂತ ಹೆಚ್ಚಾಗಿರುವುದೇ ಜಾಸ್ತಿ. ಆಸ್ಪಿರಿನ್, ಐಬುಪ್ರೊಫೆನ್ ಇದಕ್ಕೆ ದಾರಿ ಮಾಡಿಕೊಡುತ್ತವೆ. ನೋವಿಗೆ ಪ್ಯಾರಸಿಟಮಾಲ್ ಸಾಕು. ಆ ಹುಡುಗನಿಗೆ ಆಪರೇಷನ್ ಮಾಡಿ ರಕ್ತ ತೊಳೆದು ತೆಗೆದರು, ಆದರೂ ಆ ಕಣ್ಣು ಮೊದಲಿನಂತಾಗಲಿಲ್ಲ. ಪೂರ್ತಿ ವಾಸಿಯಾದವರಿಗೂ ಒಂದು ಮಾತು: ಕಣ್ಣಿನೊಳಗಿನ ನೀರು ಹೊರಹೋಗುವ ಜಾಗಕ್ಕೆ ಪೆಟ್ಟಾಗಿದ್ದರೆ ಹತ್ತಿಪ್ಪತ್ತು ವರ್ಷದ ಮೇಲೂ ಗ್ಲಾಕೋಮಾ ಬರಬಹುದು. ವರ್ಷಕ್ಕೊಮ್ಮೆ ಒತ್ತಡ ನೋಡಿಸಿಕೊಳ್ಳಲೇಬೇಕು.

ಇನ್ನು ಮೂಳೆ. ಕಣ್ಣುಗೂಡಿನ ತಳದ ಮೂಳೆ ಹಪ್ಪಳದಷ್ಟು ತೆಳು. ಅದು ಮುರಿದರೆ ಮೇಲೆ ನೋಡುವಾಗ ಒಂದು ಎರಡಾಗಿ ಕಾಣಬಹುದು. ಕೆನ್ನೆ, ಮೇಲ್ದುಟಿ ಜೋಮು ಹಿಡಿಯಬಹುದು. ಮೂಗು ಸೀನಿದರೆ ಪಕ್ಕದ ಪೊಳ್ಳಿನಿಂದ ಗಾಳಿ ನುಗ್ಗಿ ರೆಪ್ಪೆ ಉಬ್ಬುತ್ತದೆ, ಒತ್ತಿದರೆ ಚರಚರ ಎನ್ನುತ್ತದೆ. ಅದಕ್ಕೇ ಏಟು ಬಿದ್ದ ಮೇಲೆ ಮೂಗು ಸೀನಬೇಡಿ.

ನಿಮ್ಮ ಜೊತೆ ಆಡುವ ಚಿಕ್ಕವರ ಬಗ್ಗೆ ನನಗೆ ಇನ್ನೂ ಹೆಚ್ಚಿನ ಭಯವಿದೆ. ಎಳೆಯ ಮೂಳೆ ಹಸಿ ಕಡ್ಡಿಯ ಹಾಗೆ ಬಾಗಿ ಬಿರಿದು, ಮತ್ತೆ ಸ್ವಸ್ಥಾನಕ್ಕೆ ಬಂದು, ನಡುವೆ ಕಣ್ಣಿನ ಸ್ನಾಯುವನ್ನು ಕಚ್ಚಿಕೊಳ್ಳುತ್ತದೆ. ಹೊರಗೆ ಊತವಿಲ್ಲ, ಕಣ್ಣು ಬೆಳ್ಳಗೇ ಇರುತ್ತದೆ. ಹುಡುಗ ಮಾತ್ರ ವಾಂತಿ ಮಾಡುತ್ತಾನೆ, ಸುಸ್ತಾಗುತ್ತಾನೆ, ನಾಡಿ ನಿಧಾನವಾಗುತ್ತದೆ. ತಲೆಗೆ ಪೆಟ್ಟಾಗಿದೆ ಎಂದು ತಲೆಯೊಂದನ್ನೇ ನೋಡಿ ಕಳಿಸಿದ್ದೂ ಉಂಟು. ತಲೆ ನೋಡಿಸಲೇಬೇಕು, ಆದರೆ ಗಲ್ಲ ಅಲುಗಾಡದಂತೆ ಹಿಡಿದು, ಬೆರಳನ್ನು ಮೇಲಕ್ಕೆತ್ತಿ, ನೋಡು ಎನ್ನಿ. ಒಂದು ಕಣ್ಣು ಏರಿ ಇನ್ನೊಂದು ಅಲ್ಲೇ ನಿಂತರೆ ಡಾಕ್ಟರಿಗೆ ಅದನ್ನು ಮೊದಲು ಹೇಳಿ. ಅವನಿಗೆ ಅದೇ ದಿನ ಕಣ್ಣುಗೂಡಿನ ಸಿಟಿ ಸ್ಕ್ಯಾನ್ ಆಗಬೇಕು. ಸಿಕ್ಕಿಕೊಂಡ ಸ್ನಾಯುವನ್ನು ಒಂದೆರಡು ದಿನದೊಳಗೆ ಬಿಡಿಸದಿದ್ದರೆ ರಕ್ತವಿಲ್ಲದೆ ಅದು ಸಾಯುತ್ತದೆ.

ಯಾರ ಕಣ್ಣಿಗೇ ಬಾಲು ಬಡಿದು ಮಂಜಾದರೆ ಉಜ್ಜಲು ಬಿಡಬೇಡಿ, ಮೇಲೆ ಐಸ್ ಒತ್ತಬೇಡಿ. ಪೇಪರ್ ಕಪ್ಪಿನ ತಳವನ್ನು ಕತ್ತರಿಸಿ, ಗುಡ್ಡೆಗೆ ತಾಗದ ಹಾಗೆ ಸುತ್ತಲಿನ ಮೂಳೆಯ ಮೇಲೆ ಕೂರಿಸಿ ಅಂಟಿಸಿ, ಕೂರಿಸಿಕೊಂಡೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗ್ಗೆ ನೋಡೋಣ ಎನ್ನಬೇಡಿ. ಮನೆಯಲ್ಲಿ ಬೈಗುಳದ ಭಯವಿದ್ದರೆ ನನ್ನ ಬಾಗಿಲು ಬಡಿಯಿರಿ, ಎಷ್ಟು ಹೊತ್ತಾಗಿದ್ದರೂ ನಾನೇ ಜೊತೆಗೆ ಬರುತ್ತೇನೆ.