ಒಂದೆಡೆ ಹೆಪ್ಪು, ಇನ್ನೊಂದೆಡೆ ರಕ್ತಸ್ರಾವ

ಅಮ್ಮನಿಗೆ ಸೂಜಿ ಚುಚ್ಚಿದಲ್ಲೆಲ್ಲ ರಕ್ತ ಜಿನುಗುತ್ತಿರುವಾಗ ಡಾಕ್ಟರು ‘ಒಳಗೆ ಹೆಪ್ಪುಗಟ್ಟುತ್ತಿದೆ’ ಎಂದದ್ದು ನಿಮಗೆ ಗೊಂದಲ ತಂದಿದೆ. ಎರಡೂ ನಿಜ. ಮೂತ್ರದ ಸೋಂಕು ರಕ್ತಕ್ಕೆ ಹರಡಿದಾಗ ಕೆಲವು ಬಿಳಿ ರಕ್ತಕಣಗಳ ಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ ಮೂಡಿ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುತ್ತದೆ. ಅವರ ಮೂತ್ರ ಕಡಿಮೆಯಾಗಲು ಕಿಡ್ನಿಯೊಳಗಿನ ಇಂಥ ಹೆಪ್ಪುಗಳೂ ಕಾರಣವಿರಬಹುದು. ಅವುಗಳಿಗೇ ಪ್ಲೇಟ್‌ಲೆಟ್, ಫೈಬ್ರಿನೋಜನ್ ಖರ್ಚಾಗಿ, ಸೂಜಿಯ ತೂತು ಮುಚ್ಚಲೂ ಸಾಲದಾಗುತ್ತದೆ.

ಪ್ಲೇಟ್‌ಲೆಟ್ 1,40,000ದಿಂದ 45,000ಕ್ಕೆ ಕುಸಿದು, ಡಿ-ಡೈಮರ್ ಏರಿರುವುದು ಇದಕ್ಕೆ ಹೊಂದುತ್ತದೆ. ರಕ್ತ ಸೋರುತ್ತಿರುವುದರಿಂದ ಪ್ಲೇಟ್‌ಲೆಟ್ ಕೊಡುವುದು ಸರಿಯೇ. ಸೋರದಿದ್ದರೆ ಸಾಮಾನ್ಯವಾಗಿ ಈ ಮಟ್ಟದಲ್ಲಿ ಕೊಡುವುದಿಲ್ಲ. ಆದರೆ ಸೋಂಕಿನ ಮೂಲ ಹಾಗೇ ಉಳಿದರೆ ಕೊಟ್ಟದ್ದೂ ಖರ್ಚಾಗುತ್ತದೆ. ಮೂತ್ರನಾಳಕ್ಕೆ ಕಲ್ಲು ಅಡ್ಡವಾಗಿದ್ದರೆ ಆಂಟಿಬಯಾಟಿಕ್ ಒಂದೇ ಸಾಲದು, ತಡೆದು ನಿಂತ ಮೂತ್ರ ಹೊರಹೋಗಲು ದಾರಿ ಮಾಡಬೇಕು. ಸ್ಕ್ಯಾನ್ ಆಗಿದೆಯೇ ಎಂದು ಈಗಲೇ ಕೇಳಿ.